ಭಂಡಾರದ ಹಳದಿ ಮಾಸುವುದೇಕೆ

ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಭಾರತ ಹುಣ್ಣಿಮೆಗೆ ಹೋಗಿಬಂದವರ ಬಿಳಿ ಅಂಗಿಯ ಮೇಲೆ ಭಂಡಾರದ ಕಲೆ ಉಳಿದೇ ಉಳಿಯುತ್ತದೆ. ಒಗೆದರೂ ಸುಲಭಕ್ಕೆ ಹೋಗದ ಈ ಹಳದಿ, ಬಟ್ಟೆಯನ್ನು ಬಿಸಿಲಿಗೆ ಹರವಿದರೆ ತಾನಾಗಿ ತಿಳಿಯಾಗುತ್ತದೆ. ಅರಿಸಿನಕ್ಕೆ ಈ ಬಣ್ಣ ಕೊಡುವುದು ಕರ್ಕ್ಯುಮಿನ್. ಅದರ ಅಣುವಿನಲ್ಲಿ ಏಕಬಂಧ, ದ್ವಿಬಂಧಗಳು ಸರದಿಯ ಮೇಲೆ ಬರುತ್ತವೆ. ಅಂದರೆ ಅದು ಕಾಂಜುಗೇಶನ್ ಇರುವ ಅಣು.

ಬೈಲಹೊಂಗಲ, ರಾಮದುರ್ಗದ ಬಿ.ಎಸ್ಸಿ. ತರಗತಿಗಳಲ್ಲಿ ಇರಲಿ, ಬೇರೆ ಊರಿನಲ್ಲಿ ಇರಲಿ, ಕಾಂಜುಗೇಶನ್ ಬಗ್ಗೆ ವಿದ್ಯಾರ್ಥಿಗಳು ಕಲಿತು ಬರುವ ಮಾತು ಹೆಚ್ಚುಕಡಿಮೆ ಒಂದೇ: ಎಲೆಕ್ಟ್ರಾನುಗಳು ಇಡೀ ಸರಪಳಿಯಲ್ಲಿ ಹರಡಿಕೊಳ್ಳುತ್ತವೆ, ಹರಡಿದ್ದರಿಂದ ಶಕ್ತಿ ಇಳಿಯುತ್ತದೆ, ಶಕ್ತಿ ಇಳಿದದ್ದರಿಂದ ಅಣು ಸ್ಥಿರವಾಗುತ್ತದೆ, ಸರಪಳಿ ಉದ್ದವಾದಷ್ಟೂ ಸ್ಥಿರತೆ ಹೆಚ್ಚು. ಇದೇ ನಿಜವಾದರೆ ಕರ್ಕ್ಯುಮಿನ್ ಬಿಸಿಲಿಗೆ ಯಾಕೆ ಸೋಲಬೇಕು? ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ ವಿದ್ಯಾರ್ಥಿಯನ್ನು ದಾರಿ ತಪ್ಪಿಸುತ್ತದೆ ಎಂಬುದು ನನ್ನ ವಾದ.

ಎರಿಕ್ ಹ್ಯುಕಲ್ 1931ರ ಸುಮಾರಿಗೆ ಕೊಟ್ಟ ಲೆಕ್ಕದ ವಿಧಾನ ಇಲ್ಲಿ ಸಾಕು. ಒಂಟಿ ಇಂಗಾಲದ ಪಿ ಆರ್ಬಿಟಲಿನ ಶಕ್ತಿಯನ್ನು ಸೊನ್ನೆ ಎಂದುಕೊಳ್ಳೋಣ. ಪಕ್ಕಪಕ್ಕದ ಎರಡು ಇಂಗಾಲಗಳು ಬೆರೆತಾಗ ಆಗುವ ಇಳಿತದ ಅಳತೆ β. ಎಥಿಲೀನಿನಲ್ಲಿ ಪೈ ಆರ್ಬಿಟಲ್ ಸೊನ್ನೆಗಿಂತ 1β ಕೆಳಗೆ ಇದೆ, ಅದರಲ್ಲಿ ಎರಡು ಎಲೆಕ್ಟ್ರಾನುಗಳಿವೆ. ಅಷ್ಟೇ ಮೇಲೆ ಖಾಲಿ ಪೈ-ಸ್ಟಾರ್ ಇದೆ. ಎಲೆಕ್ಟ್ರಾನ್ ತುಂಬಿದವುಗಳಲ್ಲಿ ಎಲ್ಲಕ್ಕಿಂತ ಮೇಲಿನದು ಹೋಮೋ, ಖಾಲಿ ಇರುವವುಗಳಲ್ಲಿ ಎಲ್ಲಕ್ಕಿಂತ ಕೆಳಗಿನದು ಲೂಮೋ.

ಈಗ ಇಂಥ ಎರಡು ದ್ವಿಬಂಧಗಳನ್ನು ಒಂದರ ಪಕ್ಕ ಒಂದಿಟ್ಟು ಬ್ಯೂಟಾಡೈಈನ್ ಕಟ್ಟೋಣ. ಮೊದಲು ತುಂಬಿದ ಎರಡು ಪೈ ಆರ್ಬಿಟಲುಗಳು ಮಾತ್ರ ಬೆರೆಯಲಿ. ಒಂದು 1ರಿಂದ 1.5β ಆಳಕ್ಕೆ ಇಳಿಯುತ್ತದೆ, ಇನ್ನೊಂದು 0.5βಗೆ ಏರುತ್ತದೆ. ಎಲೆಕ್ಟ್ರಾನುಗಳೇನೋ ನಾಲ್ಕೂ ಇಂಗಾಲಗಳ ಮೇಲೆ ಹರಡಿದವು, ಆದರೆ ಉಳಿತಾಯ ಸೊನ್ನೆ! ಒಂದು ಜೋಡಿ ಎಷ್ಟು ಇಳಿಯಿತೋ ಇನ್ನೊಂದು ಜೋಡಿ ಅಷ್ಟೇ ಏರಿತು. ಹರಡಿದ ಮಾತ್ರಕ್ಕೆ ಶಕ್ತಿ ಇಳಿಯುತ್ತದೆ ಎಂಬ ಮಾತು ಇಲ್ಲಿಯೇ ಬಿದ್ದುಹೋಗುತ್ತದೆ.

ಉಳಿತಾಯ ಬರುವುದು ಮುಂದಿನ ಹೆಜ್ಜೆಯಲ್ಲಿ. ಒಂದು ದ್ವಿಬಂಧದ ತುಂಬಿದ ಪೈ, ಪಕ್ಕದ ದ್ವಿಬಂಧದ ಖಾಲಿ ಪೈ-ಸ್ಟಾರ್ ಜೊತೆಗೂ ಬೆರೆಯುತ್ತದೆ. ಈ ಬೆರಕೆಯಲ್ಲಿ ಏರುವುದು ಖಾಲಿ ಆರ್ಬಿಟಲ್. ಅದರಲ್ಲಿ ಎಲೆಕ್ಟ್ರಾನೇ ಇಲ್ಲದ್ದರಿಂದ ಆ ಏರಿಕೆಗೆ ಬೆಲೆ ಕೊಡಬೇಕಾಗಿಲ್ಲ. ತುಂಬಿದ ಎರಡೂ ಇನ್ನಷ್ಟು ಇಳಿಯುತ್ತವೆ: 1.5 ಇದ್ದದ್ದು 1.618, 0.5 ಇದ್ದದ್ದು 0.618. ನಾಲ್ಕು ಎಲೆಕ್ಟ್ರಾನುಗಳಿಗೆ ಒಟ್ಟು ಉಳಿತಾಯ 0.472β. ಕಾಂಜುಗೇಶನ್ ಶಕ್ತಿಯನ್ನು ಇಳಿಸುವುದಕ್ಕೆ ಕಾರಣ ಪಕ್ಕದ ಖಾಲಿ ಆರ್ಬಿಟಲ್. ಪಾಠದಲ್ಲಿ ಇದರ ಹೆಸರೇ ಬರುವುದಿಲ್ಲ.

ಇದೇ ಲೆಕ್ಕವನ್ನು ಇನ್ನೊಮ್ಮೆ ನೋಡಿ. ಒಟ್ಟು ಶಕ್ತಿ ಇಳಿಯಿತು ಸರಿ, ಹೋಮೋ ಏನಾಯಿತು? ಎಥಿಲೀನಿನಲ್ಲಿ 1β ಆಳದಲ್ಲಿದ್ದದ್ದು ಇಲ್ಲಿ 0.618ಕ್ಕೆ ಏರಿ ಕುಳಿತಿದೆ. ಲೂಮೋ ಅಷ್ಟೇ ಕೆಳಗೆ ಬಂದಿದೆ. ಇದು ಬರೀ ಕಾಗದದ ಲೆಕ್ಕವೂ ಅಲ್ಲ. ಎಥಿಲೀನಿನಿಂದ ಒಂದು ಎಲೆಕ್ಟ್ರಾನ್ ಕಿತ್ತುಕೊಳ್ಳಲು ಸುಮಾರು 10.5 ಎಲೆಕ್ಟ್ರಾನ್ ವೋಲ್ಟ್ ಬೇಕು, ಬ್ಯೂಟಾಡೈಈನಿಗೆ 9.1, ಹೆಕ್ಸಾಟ್ರೈಈನಿಗೆ 8.3. ಸರಪಳಿ ಬೆಳೆದಂತೆ ಅಣು ತನ್ನ ಎಲೆಕ್ಟ್ರಾನನ್ನು ಹೆಚ್ಚು ಸುಲಭವಾಗಿ ಬಿಟ್ಟುಕೊಡುತ್ತದೆ. ಹೋಮೋ-ಲೂಮೋ ಅಂತರ ಕಿರಿದಾಗಿ, ಕಡಿಮೆ ಶಕ್ತಿಯ ಬೆಳಕೂ ಅದಕ್ಕೆ ಸಾಕಾಗುತ್ತದೆ.

ಹೈಡ್ರೋಜನೀಕರಣದ ಶಾಖವನ್ನು ತೋರಿಸಿ ಸ್ಥಿರತೆಯನ್ನು ಸಮರ್ಥಿಸುವವರಿದ್ದಾರೆ. ಅವರ ಅಂಕಿ ಸರಿಯಾಗಿಯೇ ಇದೆ. 1-ಬ್ಯೂಟೀನ್ ಮೋಲಿಗೆ 127 ಕಿಲೋಜೌಲ್ ಬಿಡುತ್ತದೆ, ಎರಡು ದ್ವಿಬಂಧಕ್ಕೆ 254 ಆಗಬೇಕಿತ್ತು, ಬ್ಯೂಟಾಡೈಈನ್ ಬಿಡುವುದು 239. ಉಳಿತಾಯ 15 ಕಿಲೋಜೌಲ್. ಆದರೆ ಈ ಅಂಕಿ ಹೇಳುವುದು ಹೈಡ್ರೋಜನ್ ಸೇರಿದಾಗಿನ ಒಟ್ಟು ಲೆಕ್ಕವನ್ನು ಮಾತ್ರ. ಆಮ್ಲಜನಕ ಬಂದು ತಾಗಿದಾಗ, ಬೆಳಕು ಬಿದ್ದಾಗ ಅಣು ಹೇಗೆ ವರ್ತಿಸುತ್ತದೆ ಎಂಬುದಕ್ಕೆ ಹೋಮೋ, ಲೂಮೋ ನೋಡಬೇಕು. ಕೆನಿಚಿ ಫುಕುಯಿ ಇದನ್ನು 1952ರಲ್ಲಿಯೇ ಮುಂದಿಟ್ಟರು, 1981ರಲ್ಲಿ ಅವರಿಗೆ ನೊಬೆಲ್ ಬಂತು. ನಮ್ಮ ಪಾಠಗಳು ಈ ಎರಡು ಪ್ರಶ್ನೆಗಳನ್ನು 'ಸ್ಥಿರತೆ' ಎಂಬ ಒಂದೇ ಹೆಸರಿನ ಕೆಳಗೆ ತುಂಬಿಬಿಡುತ್ತವೆ.

ಅರಿಸಿನಕ್ಕೆ ಸುಣ್ಣ ಸೇರಿಸಿ ಕುಂಕುಮ ಮಾಡುವವರು ಈ ವ್ಯತ್ಯಾಸವನ್ನು ಕಣ್ಣಾರೆ ಕಾಣುತ್ತಾರೆ. ಸುಣ್ಣದ ಕ್ಷಾರ ಕರ್ಕ್ಯುಮಿನಿನ ತುದಿಯ ಫೀನಾಲಿನಿಂದ ಹೈಡ್ರೋಜನ್ ಕೀಳುತ್ತದೆ. ಅಲ್ಲಿ ಉಳಿದ ಋಣ ವಿದ್ಯುದಂಶ ಹೋಮೋವನ್ನು ಮೇಲಕ್ಕೆ ನೂಕುತ್ತದೆ. ಲೂಮೋ ಅಷ್ಟು ಏರುವುದಿಲ್ಲ. ಅಂತರ ಕುಗ್ಗಿ, ಹೀರುವ ಬೆಳಕು ನೀಲಿಯಿಂದ ಹಸಿರಿನ ಕಡೆಗೆ ಸರಿದು, ಹಳದಿ ಕೆಂಪಾಗುತ್ತದೆ. ವಿದ್ಯುದಂಶ ಈಗ ಮೊದಲಿಗಿಂತ ಚೆನ್ನಾಗಿಯೇ ಹರಡಿದೆ. ಆದರೂ ಕ್ಷಾರದ ನೀರಿನಲ್ಲಿ ಕರಗಿದ ಕರ್ಕ್ಯುಮಿನ್ ತಟಸ್ಥ ರೂಪಕ್ಕಿಂತ ಬೇಗ ಒಡೆಯುತ್ತದೆ, ಬಿಟ್ಟರೆ ಕೆಂಪು ಕಂದಾಗಿ ಹೋಗುತ್ತದೆ.

ಅಲೈಲ್ ಪಾಠದಲ್ಲಿ ಇನ್ನೊಂದು ತಪ್ಪು ಬೇರೂರಿದೆ. ಅಲೈಲ್ ಕ್ಯಾಟಯಾನಿನಲ್ಲಿ ವಿದ್ಯುದಂಶ ಮೂರೂ ಇಂಗಾಲಗಳ ಮೇಲೆ ಹರಡಿದೆ ಎಂದು ಎಷ್ಟೋ ನೋಟ್ಸುಗಳಲ್ಲಿ ಬರೆದಿರುತ್ತದೆ. ಅಲೈಲಿನ ಮೂರು ಆರ್ಬಿಟಲುಗಳಲ್ಲಿ ಕೆಳಗಿನದು 1.414β ಆಳದಲ್ಲಿ, ಮೇಲಿನದು ಅಷ್ಟೇ ಎತ್ತರದಲ್ಲಿ, ನಡುವಿನದು ಸರಿಯಾಗಿ ಸೊನ್ನೆಯಲ್ಲಿ ಇರುತ್ತವೆ. ನಡುವಿನ ಆರ್ಬಿಟಲಿಗೆ ನಡು ಇಂಗಾಲದ ಮೇಲೆ ನೋಡ್ ಇದೆ, ಅದು ಇರುವುದೇ ಎರಡು ತುದಿಗಳಲ್ಲಿ. ಹೀಗಾಗಿ ವಿದ್ಯುದಂಶ ಎರಡು ತುದಿಗಳಿಗೆ ಅರ್ಧರ್ಧ, ನಡುವೆ ಏನೂ ಇಲ್ಲ. ಆ ಆರ್ಬಿಟಲಿನಲ್ಲಿ ಒಂದು ಎಲೆಕ್ಟ್ರಾನ್ ಇಟ್ಟರೆ ರಾಡಿಕಲ್, ಎರಡು ಇಟ್ಟರೆ ಆನಯಾನ್. ಮೂರರಲ್ಲೂ ಉಳಿತಾಯ ಒಂದೇ, 0.828β, ಅದೂ ಪೂರ್ತಿ ಕೆಳಗಿನ ಜೋಡಿಯದು. ಆನಯಾನಿನ ಹೆಚ್ಚುವರಿ ಜೋಡಿಯನ್ನು ಪೈ ಮೇಲಕ್ಕೆ ತಳ್ಳುತ್ತದೆ, ಪೈ-ಸ್ಟಾರ್ ಅಷ್ಟೇ ಕೆಳಕ್ಕೆ ಎಳೆಯುತ್ತದೆ, ಅದು ಇದ್ದಲ್ಲೇ ಇರುತ್ತದೆ.

ಪಾಲಿಈನ್ ಎಂದರೆ ಉದ್ದದ ಅಲೈಲ್ ಎಂಬಂತೆ ಕಲಿಸುವ ರೂಢಿಯನ್ನೂ ನಾನು ಒಪ್ಪುವುದಿಲ್ಲ. ಬೈಲಹೊಂಗಲ, ಕಿತ್ತೂರಿನ ಕಡೆ ಬೆಳೆಯುವ ಗೋವಿನಜೋಳದ ಹಳದಿಗೆ ಒಂದು ಕಾರಣ ಜಿಯಾಕ್ಸಾಂಥಿನ್. ಅದರಲ್ಲಿ 11 ದ್ವಿಬಂಧಗಳು, ಅಂದರೆ 22 ಇಂಗಾಲಗಳು, ಸಾಲಾಗಿ ಕಾಂಜುಗೇಶನಿನಲ್ಲಿವೆ. ಎಲ್ಲ ಬಂಧಗಳೂ ಸಮ ಎಂದುಕೊಂಡು ಹ್ಯುಕಲ್ ಲೆಕ್ಕ ಹಾಕಿದರೆ ಹೋಮೋ-ಲೂಮೋ ಅಂತರ 0.273β. ಬ್ಯೂಟಾಡೈಈನಿನ ಅಂತರ 1.236β, ಅದು ಬೆಳಕು ಹೀರುವುದು 217 ನ್ಯಾನೋಮೀಟರಿನಲ್ಲಿ. ಅದೇ ಅಳತೆ ಹಿಡಿದರೆ ಜಿಯಾಕ್ಸಾಂಥಿನ್ ಸುಮಾರು 980 ನ್ಯಾನೋಮೀಟರಿನಲ್ಲಿ, ಕಣ್ಣಿಗೆ ಕಾಣದ ಅವಗೆಂಪಿನಲ್ಲಿ ಹೀರಬೇಕಿತ್ತು. ಅದು ನಿಜವಾಗಿ ಹೀರುವುದು 450ರ ಆಸುಪಾಸಿನ ನೀಲಿಯಲ್ಲಿ, ಕಾಳು ಹಳದಿಯಾಗಿ ಕಾಣುವುದು ಅದಕ್ಕೇ.

ಲೆಕ್ಕ ಇಷ್ಟು ತಪ್ಪಲು ಮುಖ್ಯ ಕಾರಣ, ಬಂಧಗಳು ಸಮವಾಗಿಯೇ ಇಲ್ಲ. ಬ್ಯೂಟಾಡೈಈನಿನಲ್ಲಿ ದ್ವಿಬಂಧ ಸುಮಾರು 1.34 ಆಂಗ್‌ಸ್ಟ್ರಾಮ್, ನಡುವಿನ ಬಂಧ ಸುಮಾರು 1.46. ಉದ್ದದ ಪಾಲಿಈನುಗಳಲ್ಲಿ ಈ ವ್ಯತ್ಯಾಸ ಕಡಿಮೆಯಾಗುತ್ತದೆಯೇ ಹೊರತು ಹೋಗುವುದಿಲ್ಲ. ಆದ್ದರಿಂದ ಸರಪಳಿಯನ್ನು ಎಷ್ಟು ಬೆಳೆಸಿದರೂ ಅಂತರ ಸೊನ್ನೆಗೆ ಇಳಿಯದೆ ಒಂದು ಹಂತದಲ್ಲಿ ನಿಲ್ಲುತ್ತದೆ. ಅಲೈಲಿನಲ್ಲಿ ಮಾತ್ರ ಎರಡು ಬಂಧಗಳೂ ಒಂದೇ ಉದ್ದ, ಸುಮಾರು 1.39.