ಎಂಟು ಲೋಟದ ಬಹುಮಾನ

ಮೈಸೂರಿನ ಸರಸ್ವತೀಪುರದಲ್ಲಿ ಈಚೆಗೆ ಬಾಗಿಲು ತೆರೆದ, ಹದಿನಾರು ಕುರ್ಚಿಗಳ ಪುಟ್ಟ ಕಾಫಿಗೃಹವೊಂದರ ಯುವ ದಂಪತಿಗಳು, ಇನ್‌ಸ್ಟಾಗ್ರಾಮಿನಲ್ಲಿ ತಮ್ಮ ಅಂಗಡಿಯನ್ನು ಹಿಂಬಾಲಿಸುವವರ ಸಂಖ್ಯೆ ವೃದ್ಧಿಯಾಗಲೆಂದು ಬೆಲೆಬಾಳುವ ಇಯರ್‌ಬಡ್ ಒಂದು ಜೊತೆಯನ್ನು ಬಹುಮಾನವಾಗಿರಿಸಿ, ‘ಫಾಲೋ ಮಾಡಿ, ಮೂವರು ಗೆಳೆಯರನ್ನು ಟ್ಯಾಗ್ ಮಾಡಿ’ ಎಂದು ಬರೆದು, ವಾರದೊಳಗೆ ಸಾವಿರಕ್ಕೂ ಮಿಕ್ಕಿ ಜನರನ್ನು ಕೂಡಿಸಿದ್ದನ್ನು ನಾನು ಕಣ್ಣಾರೆ ಕಂಡೆನು. ಫಲಿತಾಂಶ ಪ್ರಕಟವಾದ ಮರುದಿನದಿಂದಲೇ ಆ ಸಂಖ್ಯೆ ಕರಗತೊಡಗಿತು. ಉಳಿದವರಾದರೂ ಬಹುಮಟ್ಟಿಗೆ ದೂರದ ಊರುಗಳವರಾದುದರಿಂದ, ಬೆಳಗಿನ ಮೊದಲ ಡಿಕಾಕ್ಷನ್ನಿನ ಚಿತ್ರವನ್ನು ಹಾಕಿದರೆ ಕಣ್ಣೆತ್ತಿಯೂ ನೋಡದೆ ದಾಟಿ ಹೋಗುತ್ತಿದ್ದರು. ಹೀಗೆ ಉಪೇಕ್ಷಿತವಾದ ಚಿತ್ರವನ್ನು ಮತ್ತಷ್ಟು ಜನರ ಮುಂದಿಡಲು ಆ ವೇದಿಕೆಯೂ ಹಿಂಜರಿಯುವುದಾದಕಾರಣ, ಕೊನೆಗೆ ಪಕ್ಕದ ಬೀದಿಯವರಿಗೂ ಅಂಗಡಿ ಕಾಣಿಸದಾಯಿತು.

ಎಲ್ಲಿ ಬೇಕಾದರೂ ಮಾರಬಹುದಾದ, ಯಾರಿಗೆ ಬೇಕಾದರೂ ಒಪ್ಪುವ ವಸ್ತುವನ್ನು ಬಹುಮಾನವಾಗಿಟ್ಟರೆ ಅದರ ಬೇಟೆಗೆ ಹೊರಟವರೇ ಬರುವುದು ಸ್ವಾಭಾವಿಕ. ಆದ್ದರಿಂದ ಎರಡನೆಯ ಸಲ ಅವರು ನನ್ನ ಸಲಹೆ ಕೇಳಿದಾಗ, ಅಂಗಡಿಯೊಳಗೆ ಕುಳಿತೇ ಅನುಭವಿಸಬೇಕಾದುದನ್ನು ಕೊಡಿರೆಂದೆ: ನಾಲ್ಕು ಶನಿವಾರ ಬೆಳಿಗ್ಗೆ ಇಬ್ಬರಿಗೆ ಕಾಫಿ. ಒಬ್ಬ ವಿಜೇತರಿಗೆ 8 ಲೋಟ, ಐವರಿಗೆ 40 ಲೋಟ. ಇಯರ್‌ಬಡ್‌ಗಿಂತ ವೆಚ್ಚ ಬಹಳ ಕಡಿಮೆ. ಪರ ಊರಿನವನಿಗೆ ನಿಷ್ಪ್ರಯೋಜಕವಾದ ಈ ಬಹುಮಾನ, ನಡೆದು ಬರುವಷ್ಟು ಸಮೀಪದಲ್ಲಿರುವವನಿಗೆ ನಾಲ್ಕು ವಾರಗಳ ಅಭ್ಯಾಸವಾಗುತ್ತದೆ.

ಪ್ರವೇಶದ ನಿಯಮದಲ್ಲಿಯೂ ಇದೇ ವಿವೇಕ ಬೇಕು. ಟ್ಯಾಗ್ ಮಾಡುವುದು ಕ್ಷಣದ ಕೆಲಸ. ನೂರು ಸ್ಪರ್ಧೆಗಳಲ್ಲಿ ಒಂದೇ ದಿನ ಮಾಡಬಹುದು. ಫೇಸ್‌ಬುಕ್ಕಿನಲ್ಲಂತೂ ಗೆಳೆಯರನ್ನು ಟ್ಯಾಗ್ ಮಾಡಿಸುವ ಷರತ್ತೇ ನಿಷಿದ್ಧ. ಅದರ ಬದಲು, ಕಾಫಿ ಕುಡಿಯುವವನಿಗೆ ಸುಲಭವೂ ಕುಡಿಯದವನಿಗೆ ಪ್ರಯಾಸವೂ ಆಗುವ ಒಂದು ಪ್ರಶ್ನೆಯನ್ನು ಕೇಳಬೇಕು. ಫಾಲೋ ಮಾಡುವುದನ್ನು ಷರತ್ತಾಗಿಡದೆ, ಬಂದ ಉತ್ತರಗಳಲ್ಲಿ ಕೆಲವನ್ನು ದಿನಕ್ಕೊಮ್ಮೆ ಸ್ಟೋರಿಯಲ್ಲಿ ತೋರಿಸುತ್ತ ಹೋದರೆ, ಓದುವ ಆಸೆಯಿಂದ ಸೇರಿದವರು ಫಲಿತಾಂಶದ ನಂತರವೂ ನಿಲ್ಲುತ್ತಾರೆ. ಅವಧಿ 5 ದಿನ ಸಾಕು. ದೀರ್ಘವಾದಷ್ಟೂ ಸ್ಪರ್ಧೆಗಳ ಪಟ್ಟಿ ಮಾಡಿ ಹಂಚುವವರ ಕೈಗೆ ಅದು ಸಿಕ್ಕುವುದು.

ಒಕ್ಕಣೆಯ ಮೊದಲೆರಡು ಸಾಲುಗಳಷ್ಟೇ ಮಡಿಸದೆ ಕಾಣುವುದರಿಂದ ಅಲ್ಲಿ ಬಹುಮಾನದ ಮಾತಿಗಿಂತ ಊರಿನ ಹೆಸರು ಮುಂದೆ ಬರಬೇಕು. ನಾವು ಬರೆದದ್ದು ಹೀಗೆ:

“ಸರಸ್ವತೀಪುರದಲ್ಲಿ ನಮ್ಮ ಹಿತ್ತಾಳೆ ಫಿಲ್ಟರ್ ಹಬೆಯಾಡುತ್ತಿದೆ. ನಿಮ್ಮ ಮನೆಯ ಕಾಫಿಪುಡಿಯಲ್ಲಿ ಚಿಕೋರಿ ಎಷ್ಟು, ಆ ಹದ ಕಲಿಸಿದವರು ಯಾರು? ಎರಡು ಮಾತು ಕೆಳಗೆ ಬರೆಯಿರಿ. ನಮಗೆ ಅತ್ಯಂತ ಹಿಡಿಸಿದ ಐದು ಉತ್ತರಗಳನ್ನು ಬರೆದವರು ನಾಲ್ಕು ಶನಿವಾರ ಬೆಳಿಗ್ಗೆ ಒಬ್ಬ ಜೊತೆಗಾರರೊಡನೆ ಬಂದು ನಮ್ಮಲ್ಲಿ ಕಾಫಿ ಕುಡಿಯಬಹುದು, ಬಿಲ್ ಇಲ್ಲ. ಭಾನುವಾರ ರಾತ್ರಿ 9 ಗಂಟೆಯವರೆಗೆ ಸಮಯವಿದೆ. ಮಂಗಳವಾರ ಇಲ್ಲಿಯೇ ಹೆಸರು ಪ್ರಕಟಿಸುತ್ತೇವೆ. ಏನನ್ನೂ ಕೊಳ್ಳಬೇಕಿಲ್ಲ. 18 ವರ್ಷ ತುಂಬಿರಬೇಕು. ಒಬ್ಬರಿಗೆ ಒಂದೇ ಉತ್ತರ. ಬಹುಮಾನವನ್ನು ಹಣವಾಗಿ ಬದಲಿಸಲಾಗದು, ಇತರರಿಗೆ ವರ್ಗಾಯಿಸಲಾಗದು. ನಾವು ಯಾರಲ್ಲಿಯೂ ಹಣವನ್ನಾಗಲಿ ಒಟಿಪಿಯನ್ನಾಗಲಿ ಕೇಳುವುದಿಲ್ಲ. ಈ ಸ್ಪರ್ಧೆಯನ್ನು ಇನ್‌ಸ್ಟಾಗ್ರಾಮ್ ಪ್ರಾಯೋಜಿಸಿಲ್ಲ, ನಡೆಸುತ್ತಿಲ್ಲ. ಭಾಗವಹಿಸುವವರು ಅದನ್ನು ಎಲ್ಲ ಹೊಣೆಯಿಂದ ಮುಕ್ತಗೊಳಿಸಿದಂತೆ.”

ಕೊನೆಯ ಎರಡು ವಾಕ್ಯಗಳು ಆ ವೇದಿಕೆಯ ನಿಯಮವೇ ವಿಧಿಸುವಂಥವು. ಒಟಿಪಿಯ ಮಾತನ್ನು ನಾನು ಒತ್ತಾಯಿಸಿ ಸೇರಿಸಿದೆ. ಅಂಗಡಿಯ ಹೆಸರನ್ನೇ ಒಂದಕ್ಷರ ಬದಲಿಸಿ ತೆರೆದ ನಕಲಿ ಖಾತೆಗಳಿಂದ ‘ನೀವು ಗೆದ್ದಿದ್ದೀರಿ, ಸಾಗಣೆಯ ಶುಲ್ಕ ಕಳುಹಿಸಿ’ ಎಂಬ ಸಂದೇಶಗಳು ಹೋಗುವುದು ಇಂಥ ಸ್ಪರ್ಧೆಗಳಲ್ಲಿ ಪದೇ ಪದೇ ನಡೆಯುತ್ತಿದೆ. ಚೀಟಿ ಎತ್ತುವುದನ್ನು ಬಿಟ್ಟು ಉತ್ತರದ ಗುಣವನ್ನೇ ನೋಡಿದ್ದಕ್ಕೂ, ಬಿಲ್ ತೋರಿಸಬೇಕೆಂದು ಕೇಳದಿದ್ದುದಕ್ಕೂ ಕಾರಣ, ಹಣ ಪಡೆದು ಅದೃಷ್ಟಕ್ಕೆ ಬಿಟ್ಟರೆ ಅದು ಲಾಟರಿಯ ಸಮೀಪಕ್ಕೆ ಹೋಗುವುದೆಂಬುದು. ಉಚಿತ ಬಹುಮಾನದ ಯೋಜನೆ ಮುಗಿದ ಮೇಲೆ ಫಲಿತಾಂಶವನ್ನು ಮರೆಮಾಚುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಅನುಚಿತ ವ್ಯಾಪಾರವೆಂದೇ ಎಣಿಸುತ್ತದೆ. ಆದುದರಿಂದ ಹೆಸರು ಪ್ರಕಟಿಸುವ ದಿನವನ್ನು ಹೇಳಿ, ಆ ದಿನವೇ ಪ್ರಕಟಿಸತಕ್ಕದ್ದು. ಬಹುಮಾನದ ಮೊತ್ತ ದೊಡ್ಡದಾದರೆ ಕಾನೂನು ಬಲ್ಲವರಿಗೆ ಒಕ್ಕಣೆಯನ್ನು ಮೊದಲು ತೋರಿಸುವುದು ಕ್ಷೇಮ.

ಈ ಬಾರಿ ಸೇರಿದವರು ಮೊದಲಿನ ಹತ್ತನೆಯ ಒಂದು ಪಾಲೂ ಇರಲಿಲ್ಲ. ಯಜಮಾನಿಯ ಮುಖ ಮೊದಲಿಗೆ ಬಾಡಿದ್ದು ಸಹಜವೇ. ಆದರೆ ಖಾತೆಯ ಅಂಕಿಅಂಶಗಳಲ್ಲಿ ಅನುಯಾಯಿಗಳ ಊರುಗಳ ಪಟ್ಟಿಯನ್ನು ತೆರೆದಾಗ ಮೈಸೂರಿನ ಪಾಲು ಮೇಲಕ್ಕೆ ಬಂದಿತ್ತು, ತಿಂಗಳ ನಂತರವೂ ಇಳಿಯಲಿಲ್ಲ. ಅದಕ್ಕಿಂತ ನಂಬತಕ್ಕ ಲೆಕ್ಕ ಗಲ್ಲಾಪೆಟ್ಟಿಗೆಯ ಪಕ್ಕದ ನೋಟುಬುಕ್ಕಿನದು. ವಿಜೇತರ ಹೆಸರಿನ ಮುಂದೆ ಶನಿವಾರಕ್ಕೊಂದು ಗೆರೆ ಎಳೆಯುತ್ತ, ಅವರೊಡನೆ ಬಂದ ಜೊತೆಗಾರರು ವಾರದ ನಡುವೆ ತಾವಾಗಿಯೇ ಬಂದರೆ ಅದಕ್ಕೊಂದು ಚುಕ್ಕೆ ಇಡಿರೆಂದು ಹೇಳಿದ್ದೆ. ನಾಲ್ಕನೆಯ ಶನಿವಾರ ನಾನು ನೋಡುವ ವೇಳೆಗೆ ಐದು ಹೆಸರುಗಳ ಪೈಕಿ ಮೂರರ ಮುಂದೆ ಚುಕ್ಕೆಗಳಿದ್ದುವು.