ಸಹಿ ಹಾಕಬೇಕೇ, ಬೇಡವೇ? ಇಪ್ಪತ್ತು ಅಂಕದ ಒಂದು ಪ್ರಶ್ನೆ ಮತ್ತು ಅದರ ಸ್ಕೀಮ್

ಎಂಬಿಎ ಓದುವವರಿಗೆ ವ್ಯವಹಾರ ನೀತಿಶಾಸ್ತ್ರದ ಪರೀಕ್ಷೆಯಲ್ಲಿ ಒಂದು ಸನ್ನಿವೇಶ ಕೊಟ್ಟು ‘ನೀವಾಗಿದ್ದರೆ ಏನು ಮಾಡುತ್ತಿದ್ದಿರಿ’ ಎಂದು ಕೇಳುವುದು ಈಗ ರೂಢಿ. ಅಂಥ ಪ್ರಶ್ನೆಗಳ ಉತ್ತರಪತ್ರಿಕೆಗಳನ್ನು ತಿದ್ದುವ ಕೆಲಸ ನನ್ನದು. ಇಲ್ಲಿ ಒಂದೇ ಪ್ರಶ್ನೆಯನ್ನೂ ಅದರ ಜೊತೆಗೆ ಬಂದ ಅಂಕ ಹಂಚಿಕೆಯ ಸ್ಕೀಮನ್ನೂ ಎದುರಿಗಿಟ್ಟುಕೊಂಡು ಬರೆಯುತ್ತಿದ್ದೇನೆ. ಪ್ರಶ್ನೆ ಒಳ್ಳೆಯದು. ಸ್ಕೀಮ್ ಅದನ್ನು ಹಾಳು ಮಾಡಿದೆ.

ಪ್ರಶ್ನೆ ಹೀಗಿದೆ. ಮೀರಾ ಎಂಬಿಎ ಮುಗಿಸಿ ಬೆಂಗಳೂರಿನ ಹೊರವಲಯದ ಒಂದು ರಫ್ತು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಎಚ್‌ಆರ್ ಅಧಿಕಾರಿಯಾಗಿ ಸೇರಿದ್ದಾಳೆ. ಪ್ರೊಬೇಷನ್ ಮುಗಿಯಲು ಇನ್ನೊಂದು ತಿಂಗಳಿದೆ. ಮೂರು ದಿನದಲ್ಲಿ ವಿದೇಶಿ ಬಯರ್ ಕಡೆಯ ಆಡಿಟ್ ಬರಲಿದೆ. ಕಾರ್ಖಾನೆಯಲ್ಲಿ ಹಾಜರಿ ಪುಸ್ತಕ ಎರಡಿವೆ ಎಂಬುದು ಅವಳಿಗೆ ಈಗ ಗೊತ್ತಾಗಿದೆ. ನಿಜವಾದದ್ದರಲ್ಲಿ ಓಟಿ ಗಂಟೆಗಳಿವೆ. ಆಡಿಟರ್‌ಗೆ ತೋರಿಸುವುದರಲ್ಲಿ ವಾರಕ್ಕೆ ನಲವತ್ತೆಂಟು ಗಂಟೆ ಮಾತ್ರ. ಓಟಿಗೆ ದುಪ್ಪಟ್ಟು ದರ ಕೊಡಬೇಕು ಎಂಬುದು 1948ರ ಕಾರ್ಖಾನೆ ಕಾಯ್ದೆಯಿಂದ ಬಂದ ನಿಯಮ. ಇಲ್ಲಿ ಒಂದೇ ಪಟ್ಟು ಕೊಡಲಾಗಿದೆ. ಎರಡನೆಯ ಪುಸ್ತಕಕ್ಕೆ ಸಹಿ ಹಾಕು ಎಂದು ಮ್ಯಾನೇಜರ್ ಹೇಳುತ್ತಾರೆ. ಆರ್ಡರ್ ಕೈತಪ್ಪಿದರೆ ಇನ್ನೂರು ಹೆಣ್ಣುಮಕ್ಕಳ ಕೆಲಸ ಹೋಗುತ್ತದೆ ಎಂದೂ ಹೇಳುತ್ತಾರೆ. ಮೀರಾ ಏನು ಮಾಡಬೇಕು?

ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗಳ ಬಗ್ಗೆ ಸ್ವಲ್ಪ ತಿಳಿದವರಿಗೂ ಇದು ಕಟ್ಟುಕತೆ ಅನ್ನಿಸುವುದಿಲ್ಲ. ಎರಡು ಪುಸ್ತಕ ಇಡುವುದು ಈ ಉದ್ಯಮದ ಆಡಿಟ್‌ಗಳಲ್ಲಿ ಜಗತ್ತಿನಾದ್ಯಂತ ಕಂಡುಬಂದ ಹಳೆಯ ಚಾಳಿ. ಪ್ರಶ್ನೆ ಹೆಣೆದವರಿಗೆ ಲೋಕ ಗೊತ್ತಿದೆ. ಹೊಸಬಳ ಭಯ, ಮ್ಯಾನೇಜರ್‌ನ ಒತ್ತಾಯ, ಹೆಣ್ಣುಮಕ್ಕಳ ಹೊಟ್ಟೆಪಾಡು, ಈ ಮೂರನ್ನೂ ಅವರು ಒಂದೇ ಹಾಳೆಯಲ್ಲಿ ಎದುರುಬದುರು ನಿಲ್ಲಿಸಿದ್ದಾರೆ.

ಇನ್ನು ಸ್ಕೀಮ್. ನೈತಿಕ ಸಮಸ್ಯೆಯನ್ನು ಗುರುತಿಸಿದ್ದಕ್ಕೆ 4 ಅಂಕ. ಬಾಧ್ಯಸ್ಥರ ಪಟ್ಟಿಗೆ 4. ಸಿದ್ಧಾಂತಗಳ ಅನ್ವಯಕ್ಕೆ 6. ಸರಿಯಾದ ತೀರ್ಮಾನಕ್ಕೆ 4. ಪಕ್ಕದಲ್ಲೇ ‘ಸಹಿ ನಿರಾಕರಿಸಿ ಆಡಿಟರ್‌ಗೆ ತಿಳಿಸುವುದು’ ಎಂದು ಬರೆದಿದೆ. ನಿರೂಪಣೆಗೆ 2. ನೋಡಲು ಅಚ್ಚುಕಟ್ಟು. ಉತ್ತರಗಳನ್ನು ಇದರ ಮುಂದಿಟ್ಟಾಗ ಮಾತ್ರ ತೊಂದರೆ ಕಾಣಿಸುತ್ತದೆ.

ಈ ಪ್ರಶ್ನೆಗೆ ಬರುವ ಉತ್ತರಗಳು ಹೆಚ್ಚುಕಡಿಮೆ ಮೂರು ಬಗೆ. ಮೊದಲನೆಯದು ನೋಟ್ಸ್ ಓದಿಕೊಂಡು ಬಂದವರದು. ಕಾಂಟ್ ಪ್ರಕಾರ ಸುಳ್ಳು ತಪ್ಪು, ಮಿಲ್ ಪ್ರಕಾರ ಹೆಚ್ಚು ಜನರ ಹಿತ ಮುಖ್ಯ, ಹಕ್ಕುಗಳ ಸಿದ್ಧಾಂತದ ಪ್ರಕಾರ ಕಾರ್ಮಿಕರ ಹಕ್ಕು ಉಲ್ಲಂಘನೆಯಾಗಿದೆ, ಆದ್ದರಿಂದ ಮೀರಾ ಸಹಿ ಹಾಕಬಾರದು, ಆಡಿಟರ್‌ಗೆ ಹೇಳಬೇಕು. ಮಿಲ್ ಹೆಸರಿನಲ್ಲಿ ಹೇಳಿದ ಮಾತು ಮ್ಯಾನೇಜರ್‌ನ ವಾದವನ್ನೇ ಬೆಂಬಲಿಸಬಹುದು ಎಂಬುದು ಬರೆದವರಿಗೆ ಹೊಳೆದಿಲ್ಲ. ಇನ್ನೂರು ಜನರ ಕೆಲಸದ ಮಾತು ಉತ್ತರದಲ್ಲಿ ಎಲ್ಲೂ ಇಲ್ಲ. ಸ್ಕೀಮ್ ಪ್ರಕಾರ ಇದಕ್ಕೆ 17 ಬರುತ್ತದೆ.

ಎರಡನೆಯ ಬಗೆ, ಸಹಿ ಹಾಕಲಿ ಎನ್ನುವವರದು. ಆರ್ಡರ್ ಹೋದರೆ ಶಿಕ್ಷೆ ತಪ್ಪು ಮಾಡಿದವರಿಗಲ್ಲ, ಮೆಷಿನ್ ಮುಂದೆ ಕೂತವರಿಗೆ. ಮೊದಲು ಕೆಲಸ ಉಳಿಯಲಿ, ಮೀರಾ ಕಾಯಂ ಆದ ಮೇಲೆ ಒಳಗಿಂದಲೇ ಸರಿಪಡಿಸಲಿ. ಈ ವಾದದಲ್ಲಿ ತೂಕವಿದೆ. ಆಡಿಟ್‌ನಲ್ಲಿ ಫೇಲಾದ ಕಾರ್ಖಾನೆಯಿಂದ ಬಯರ್ ಆರ್ಡರ್ ಎತ್ತಿಕೊಂಡು ಹೋದರೆ ನಷ್ಟ ಮೊದಲು ತಟ್ಟುವುದು ಆಪರೇಟರ್‌ಗಳಿಗೇ. ಆದರೆ ಅದೇ ಹೆಣ್ಣುಮಕ್ಕಳಿಗೆ ಸಲ್ಲಬೇಕಾದ ಓಟಿ ಹಣ ಏನಾಯಿತು ಎಂಬ ಪ್ರಶ್ನೆಯನ್ನು ಇವರು ಮುಟ್ಟುವುದಿಲ್ಲ. ಸ್ಕೀಮ್ ಇದಕ್ಕೆ ಕೊಡುವುದು 9. ಆ ಒಂಬತ್ತು ಕೂಡ ವಾದದ ಕೊರತೆ ನೋಡಿ ಇಳಿದದ್ದಲ್ಲ, ‘ತಪ್ಪು ತೀರ್ಮಾನ’ ನೋಡಿ ಇಳಿದದ್ದು.

ಮೂರನೆಯ ಬಗೆ ಅಪರೂಪ. ಇದನ್ನು ಬರೆಯುವವರಿಗೆ ಕಾರ್ಖಾನೆ ಹತ್ತಿರದಿಂದ ಗೊತ್ತಿರುತ್ತದೆ, ಬಹುಶಃ ಮನೆಯಲ್ಲೇ ಯಾರೋ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಅಂಥ ಒಂದು ಉತ್ತರ ಹೀಗೆ ಶುರುವಾಗಿತ್ತು: ಆಡಿಟರ್ ಪುಸ್ತಕವನ್ನಷ್ಟೇ ನೋಡುವುದಿಲ್ಲ, ಆಪರೇಟರ್‌ಗಳನ್ನು ಒಬ್ಬೊಬ್ಬರನ್ನಾಗಿ ಕರೆದು ಮಾತಾಡಿಸುತ್ತಾರೆ, ಹಿಂದಿನ ದಿನವೇ ಸೂಪರ್‌ವೈಸರ್ ಏನು ಹೇಳಬೇಕೆಂದು ಹೇಳಿಕೊಟ್ಟಿರುತ್ತಾರೆ, ಹಾಗಾಗಿ ಮೀರಾ ಸಹಿ ಹಾಕಿದರೆ ಸುಳ್ಳು ಹೇಳುವುದು ಅವಳೊಬ್ಬಳೇ ಅಲ್ಲ, ಇನ್ನೂರು ಜನರಿಂದಲೂ ಹೇಳಿಸಿದಂತೆ. ಮುಂದೆ ಆ ಉತ್ತರ ಮೀರಾಳನ್ನು ಮ್ಯಾನೇಜರ್ ಕೋಣೆಗೆ ಲೆಕ್ಕದ ಸಮೇತ ಕಳಿಸುತ್ತದೆ. ಬಾಕಿ ಎಷ್ಟು, ಎಷ್ಟು ಕಂತಿನಲ್ಲಿ ತೀರಿಸಬಹುದು, ನಿಜವಾದ ಪುಸ್ತಕವನ್ನೇ ತೀರಿಕೆಯ ಯೋಜನೆಯ ಜೊತೆ ಬಯರ್ ಮುಂದಿಟ್ಟರೆ ಏನಾಗಬಹುದು. ಕೊನೆ ಗಳಿಗೆಯಲ್ಲಿ ಡಿಸೈನ್ ಬದಲಿಸಿ ಡೆಲಿವರಿ ದಿನಾಂಕ ಮಾತ್ರ ಬದಲಿಸದ ಬಯರ್‌ಗೂ ಈ ಓಟಿಯಲ್ಲಿ ಪಾಲಿದೆ ಎಂಬುದನ್ನೂ ಅದು ಹೇಳುತ್ತದೆ. ಸಿದ್ಧಾಂತದ ಹೆಸರು ಒಂದೂ ಇಲ್ಲ. ಇಂಗ್ಲಿಷ್ ಮುರುಕು. ‘ಸಹಿ ಹಾಕುತ್ತಾಳೋ ಇಲ್ಲವೋ ಸ್ಪಷ್ಟವಿಲ್ಲ’ ಎಂದು ತೀರ್ಮಾನದ ಅಂಕವೂ ಅರ್ಧಕ್ಕೆ ನಿಂತಿತು. ಸ್ಕೀಮ್ ಪ್ರಕಾರ ಒಟ್ಟು 10.

ಮೂರರಲ್ಲಿ ನೈತಿಕವಾಗಿ ಎಲ್ಲಕ್ಕಿಂತ ಆಳಕ್ಕೆ ಇಳಿದ ಉತ್ತರಕ್ಕೆ ಬಾಯಿಪಾಠದ ಉತ್ತರಕ್ಕಿಂತ ಏಳು ಅಂಕ ಕಡಿಮೆ. ಇದನ್ನು ಮೌಲ್ಯಮಾಪಕರ ಮೇಲೆ ಹೊರಿಸಿ ಸುಮ್ಮನಾಗಲು ನಾನು ಒಪ್ಪುವುದಿಲ್ಲ. ಅವರು ಸ್ಕೀಮನ್ನು ನಿಯತ್ತಿನಿಂದ ಪಾಲಿಸಿದರೂ ಬರುವ ಫಲ ಇದೇ.

ಈ ಸಮಸ್ಯೆಗೆ ಹಳೆಯ ಇತಿಹಾಸವಿದೆ. ಅಮೆರಿಕದ ಮನೋವಿಜ್ಞಾನಿ ಲಾರೆನ್ಸ್ ಕೋಲ್‌ಬರ್ಗ್ 1958ರ ತನ್ನ ಪ್ರಬಂಧದಿಂದಲೇ ಹುಡುಗರಿಗೆ ಸನ್ನಿವೇಶಗಳನ್ನು ಕೊಟ್ಟು ಉತ್ತರಗಳನ್ನು ಹಂತಹಂತವಾಗಿ ವಿಂಗಡಿಸತೊಡಗಿದ. ಅವುಗಳಲ್ಲಿ ಹೆಸರಾದದ್ದು ಹೈನ್ಸ್‌ನ ಕತೆ: ಹೆಂಡತಿ ಸಾಯುತ್ತಿದ್ದಾಳೆ, ಔಷಧಿ ಇದೆ, ಕೊಳ್ಳಲು ಅಷ್ಟು ಹಣವಿಲ್ಲ, ಅಂಗಡಿಯವನು ಬೆಲೆ ಇಳಿಸುವುದಿಲ್ಲ, ಹೈನ್ಸ್ ಕದಿಯಬೇಕೇ? ಕೋಲ್‌ಬರ್ಗ್ ಒಂದು ಮುಖ್ಯ ವಿಷಯವನ್ನು ಸರಿಯಾಗಿ ಹಿಡಿದಿದ್ದ. ಕದಿಯಬೇಕು ಎಂದರೂ ಬೇಡ ಎಂದರೂ ಅದಕ್ಕಾಗಿ ಅಂಕ ಏರುವುದಿಲ್ಲ, ಇಳಿಯುವುದಿಲ್ಲ. ತೂಗುವುದು ಕೊಟ್ಟ ಕಾರಣವನ್ನು. ಅರವತ್ತು ವರ್ಷಕ್ಕೂ ಹಿಂದೆ ಸ್ಪಷ್ಟವಾಗಿದ್ದ ಈ ಮಾತು ನಮ್ಮ ಸ್ಕೀಮ್‌ನ ‘ಸರಿಯಾದ ತೀರ್ಮಾನಕ್ಕೆ 4’ ಎಂಬ ಸಾಲಿನಲ್ಲಿ ಮರೆತುಹೋಗಿದೆ.

ಕೋಲ್‌ಬರ್ಗ್‌ನ ಅಳತೆಗೋಲೂ ಒಂದು ಕಡೆ ಎಡವಿತು. 1982ರ ‘ಇನ್ ಎ ಡಿಫರೆಂಟ್ ವಾಯ್ಸ್’ ಪುಸ್ತಕದಲ್ಲಿ ಕ್ಯಾರಲ್ ಗಿಲ್ಲಿಗನ್ ಹನ್ನೊಂದು ವರ್ಷದ ಇಬ್ಬರು ಮಕ್ಕಳ ಉತ್ತರಗಳನ್ನು ಅಕ್ಕಪಕ್ಕ ಇಡುತ್ತಾರೆ. ಜೀವ ಹಣಕ್ಕಿಂತ ದೊಡ್ಡದು, ಕದಿಯಲಿ ಎಂದು ಜೇಕ್ ಗಣಿತದಂತೆ ಬಿಡಿಸುತ್ತಾನೆ. ಏಮಿ ಒಪ್ಪುವುದಿಲ್ಲ. ಕದ್ದು ಜೈಲಿಗೆ ಹೋದರೆ ಹೆಂಡತಿಯನ್ನು ನೋಡಿಕೊಳ್ಳುವವರು ಯಾರು, ಸಾಲ ಸಿಗುವುದಿಲ್ಲವೇ, ಎಲ್ಲರೂ ಕೂತು ಮಾತಾಡಿ ದಾರಿ ಹುಡುಕಬಾರದೇ ಎಂದು ಅವಳು ಕೇಳುತ್ತಾಳೆ. ಕೋಲ್‌ಬರ್ಗ್‌ನ ಅಳತೆಯಲ್ಲಿ ಏಮಿ ಜೇಕ್‌ಗಿಂತ ಒಂದು ಹಂತ ಕೆಳಗೆ ಬೀಳುತ್ತಾಳೆ. ಪ್ರಶ್ನೆ ಹಾಕಿದ ಚೌಕಟ್ಟಿನ ಹೊರಗೆ ಕಾಲಿಟ್ಟ ಉತ್ತರವನ್ನು ಅಳೆಯಲು ಅದರಲ್ಲಿ ಜಾಗವಿರಲಿಲ್ಲ ಎಂಬುದು ಗಿಲ್ಲಿಗನ್ ವಾದ. ನಮ್ಮ ಮೂರನೆಯ ಉತ್ತರದ ಗತಿಯೂ ಅದೇ.

ಹಾಗಾದರೆ ಕಾರಣ ಚೆನ್ನಾಗಿದ್ದರೆ ಯಾವ ತೀರ್ಮಾನವಾದರೂ ನಡೆಯುತ್ತದೆಯೇ? ಅಷ್ಟು ಸಡಿಲ ಬಿಡಲು ನಾನು ಸಿದ್ಧನಿಲ್ಲ. ಮಾತಿನ ಚಾತುರ್ಯ ಇರುವವನು ಯಾವುದನ್ನಾದರೂ ಸಮರ್ಥಿಸಬಲ್ಲ. ಇಲ್ಲಿ ನಾನು ಹಿಡಿಯುವ ಗೆರೆ ಇದು: ಯಾವ ದಾರಿ ಹಿಡಿದರೂ ಅದಕ್ಕೊಂದು ಬೆಲೆಯಿದೆ, ಆ ಬೆಲೆ ಯಾರು ತೆರುತ್ತಾರೆ ಎಂದು ಕಂಡು ಹೇಳಿದವರಿಗೆ ಅಂಕ. ಸಹಿ ಹಾಕಲಿ ಎನ್ನುವವರು ಬಾಕಿ ಕೂಲಿ ಹೇಗೆ ತೀರುತ್ತದೆಂದು ಹೇಳದಿದ್ದರೆ 9 ದಾಟಬಾರದು. ಸಹಿ ಬೇಡ ಎನ್ನುವವರು ಇನ್ನೂರು ಕೆಲಸಗಳ ಮಾತೆತ್ತದಿದ್ದರೆ 12 ದಾಟಬಾರದು. ಎರಡೂ ಮಿತಿ ಸಮ ಏಕಿಲ್ಲ ಎಂದು ಸಹೋದ್ಯೋಗಿಯೊಬ್ಬರು ಕೇಳಿದ್ದರು. ದಾಖಲೆ ತಿದ್ದುವುದರಲ್ಲಿ ಮೋಸವೂ ಸೇರಿದೆ, ನಿರಾಕರಿಸುವುದರಲ್ಲಿ ಇರುವುದು ಅಪಾಯ ಮಾತ್ರ. ಎರಡನ್ನೂ ಒಂದೇ ಎಂದು ತೂಗಲಾರೆ.

ಇದರ ಮೇಲೆ ಸ್ಕೀಮನ್ನು ನಾಲ್ಕು ಸಾಲಿಗೆ ತಂದುಕೊಂಡೆ. ಸಂಗತಿಗಳನ್ನು ಓದಿದ ರೀತಿಗೆ 5: ಓಟಿ ಹಣ ಬಾಕಿಯಿದೆ ಎಂದು ಕಂಡರೇ, ಇನ್ನೂರು ಕೆಲಸ ಹೋಗುತ್ತದೆ ಎಂಬುದು ಮ್ಯಾನೇಜರ್‌ನ ಮಾತೇ ಹೊರತು ಖಚಿತ ಸಂಗತಿಯಲ್ಲ ಎಂದು ಬೇರ್ಪಡಿಸಿದರೇ. ಜನರ ಮೇಲಿನ ಪರಿಣಾಮಕ್ಕೆ 5; ಇಲ್ಲಿ ‘ಕಾರ್ಮಿಕರು, ಗ್ರಾಹಕರು, ಸಮಾಜ’ ಎಂಬ ಪಟ್ಟಿಗೆ ಸೊನ್ನೆ, ಯಾರಿಗೆ ಏನಾಗುತ್ತದೆ ಎಂದರೆ ಮಾತ್ರ ಅಂಕ. ತರ್ಕಕ್ಕೆ 6, ತನ್ನ ತೀರ್ಮಾನಕ್ಕೆ ಬರಬಹುದಾದ ಅತಿ ಗಟ್ಟಿ ಆಕ್ಷೇಪವನ್ನು ತಾನೇ ಎತ್ತಿ ಉತ್ತರಿಸದವರಿಗೆ 3ರ ಮೇಲಿಲ್ಲ. ಮುಂದಿನ ಹೆಜ್ಜೆಗಳಿಗೆ 4: ಯಾರ ಜೊತೆ ಮಾತು, ಯಾವ ಕ್ರಮದಲ್ಲಿ, ಮ್ಯಾನೇಜರ್ ಒಪ್ಪದಿದ್ದರೆ ಏನು. ನಿರೂಪಣೆಯ ಅಂಕ ತೆಗೆದೆ. ಕನ್ನಡ ಮಾಧ್ಯಮದಿಂದ ಬಂದವರ ನೈತಿಕ ವಿವೇಕಕ್ಕೆ ಅವರ ಇಂಗ್ಲಿಷ್‌ನ ದಂಡ ಬೀಳಬಾರದು.

ಇದೇ ಮೂರು ಉತ್ತರಗಳನ್ನು ಮತ್ತೆ ತೂಗಿದಾಗ ಮೊದಲನೆಯದಕ್ಕೆ 3, 2, 3, 2 ಸೇರಿ 10 ಬಂತು. ಎರಡನೆಯದು 3, 3, 2, 1 ಸೇರಿ 9ರಲ್ಲೇ ಉಳಿಯಿತು. ಅಂಕ ಬದಲಾಗದಿದ್ದರೂ ಕಳೆದುಕೊಂಡದ್ದು ಎಲ್ಲಿ ಎಂದು ಈಗ ವಿದ್ಯಾರ್ಥಿಗೆ ಹೇಳಬಹುದು. ಮೂರನೆಯದು 5, 4, 4, 3 ಸೇರಿ 16ಕ್ಕೆ ಏರಿತು. ಮ್ಯಾನೇಜರ್ ಬಾಗಿಲು ತೋರಿಸಿದರೆ ಏನು ಎಂಬುದನ್ನು ಆ ಉತ್ತರ ಬರೆದಿರಲಿಲ್ಲ, ಅಲ್ಲಿ ಹೋದ ಅಂಕ ನ್ಯಾಯವಾಗಿಯೇ ಹೋಯಿತು.

ಸ್ಕೀಮ್ ಎಷ್ಟು ಚೆನ್ನಾಗಿದ್ದರೂ ‘ಗಟ್ಟಿ ಆಕ್ಷೇಪ’ ಎಂಬುದು ಇಬ್ಬರು ಮೌಲ್ಯಮಾಪಕರ ಕಣ್ಣಿಗೆ ಒಂದೇ ಆಗಿ ಕಾಣುವುದಿಲ್ಲ. ಇದಕ್ಕೆ ನನಗೆ ಗೊತ್ತಿರುವ ಉಪಾಯ, ತಿದ್ದಲು ಕೂರುವ ಮುಂಚೆ ಎಲ್ಲರೂ ಅದೇ ಐದು ಉತ್ತರಪತ್ರಿಕೆಗಳನ್ನು ಬೇರೆಬೇರೆಯಾಗಿ ತಿದ್ದಿ, ಆಮೇಲೆ ಒಟ್ಟಿಗೆ ಕೂತು ಅಂಕ ಹೋಲಿಸುವುದು. ಒಂದು ಸಾಲಿನಲ್ಲಿ ಎರಡು ಅಂಕಕ್ಕಿಂತ ಹೆಚ್ಚು ಅಂತರ ಬಂದರೆ ಆ ಸಾಲಿನ ಮಾತನ್ನು ತಿದ್ದಬೇಕು, ಜೊತೆಗೆ ಒಂದು ಮಾದರಿ ಉತ್ತರದ ತುಣುಕನ್ನು ಅಂಟಿಸಬೇಕು. ಸ್ಕೀಮ್ ಕೆಟ್ಟಿದೆ ಎಂದು ತಿಳಿಯುವ ಇನ್ನೊಂದು ಗುರುತೂ ಇದೆ: ಕಟ್ಟಿನಲ್ಲಿರುವ ಉತ್ತರಗಳ ಕೊನೆಯ ಪ್ಯಾರಾಗಳೆಲ್ಲ ಒಂದೇ ಮಾತನ್ನು ಹೇಳುತ್ತಿದ್ದರೆ, ವಿದ್ಯಾರ್ಥಿಗಳು ಮೀರಾಳ ಬಗ್ಗೆ ಯೋಚಿಸದೆ ಮೌಲ್ಯಮಾಪಕರಿಗೆ ಏನು ಬೇಕೆಂದು ಊಹಿಸಿದ್ದಾರೆ.

ಪ್ರಶ್ನೆಯಲ್ಲೂ ಒಂದು ತಿದ್ದುಪಡಿ ಬೇಕು. ಈಗ ಅದರಲ್ಲಿ ಓಟಿಯ ಲೆಕ್ಕವೇ ಇಲ್ಲ. ಇನ್ನೂರು ಜನ ಹನ್ನೆರಡು ವಾರ, ವಾರಕ್ಕೆ ಹತ್ತು ಗಂಟೆ ಓಟಿ ಮಾಡಿದ್ದಾರೆ, ಗಂಟೆಗೆ ಕೂಲಿ 60 ರೂಪಾಯಿ ಎಂದು ಕೊಟ್ಟರೆ ಸಾಕು. ಬಾಕಿ ವಾರಕ್ಕೆ 1 ಲಕ್ಷ 20 ಸಾವಿರ, ಒಟ್ಟು 14 ಲಕ್ಷ 40 ಸಾವಿರ ಎಂದು ವಿದ್ಯಾರ್ಥಿ ತಾನೇ ಲೆಕ್ಕ ಹಾಕಿಕೊಳ್ಳುತ್ತಾನೆ, ಕಾರ್ಖಾನೆ ಅದನ್ನು ಕಂತಿನಲ್ಲಿ ಕೊಡಬಹುದೇ ಎಂಬ ಯೋಚನೆಗೆ ಕೈಗೆಟಕುವ ಸಂಖ್ಯೆ ಸಿಗುತ್ತದೆ. ಕೊನೆಯ ಸಾಲು ‘ಮೀರಾ ಏನು ಮಾಡಬೇಕು?’ ಎಂದು ನಿಲ್ಲದೆ ಹೀಗೆ ಮುಂದುವರಿಯಲಿ: ‘ನೀವು ಸೂಚಿಸುವ ದಾರಿಯಿಂದ ಹೆಚ್ಚು ನಷ್ಟವಾಗುವುದು ಯಾರಿಗೆ? ಅವರಿಗೆ ಮೀರಾ ಏನೆಂದು ಹೇಳುತ್ತಾಳೆ?’