ರಾತ್ರಿಯ ಓದಿನ ಲೆಕ್ಕ: ಸ್ವೇವೋನ ‘ಉನಾ ವೀತಾ’

ಹಗಲೆಲ್ಲ ಬ್ಯಾಂಕಿನಲ್ಲಿ ಗುಮಾಸ್ತಿಕೆ, ರಾತ್ರಿ ಯಾರಿಗೂ ಹೇಳದ ಓದು, ಹಲವು ವರ್ಷಗಳ ಮೇಲೆ ಒಂದು ದಿನ ಕೆಲಸ ಬಿಟ್ಟು ಹೊಸ ಹಾದಿ. ಇಟಲಿಯ ಕಾದಂಬರಿಕಾರ ಇಟಾಲೋ ಸ್ವೇವೋನ ಬದುಕು ಈ ಕಥೆಗೆ ಹೇಳಿ ಮಾಡಿಸಿದಂತೆ ಕಾಣುತ್ತದೆ. ಅವನ ನಿಜವಾದ ಹೆಸರು ಎತ್ತೋರೆ ಶ್ಮಿತ್ಸ್. ಹುಟ್ಟಿದ್ದು 1861ರಲ್ಲಿ, ಆಗ ಆಸ್ಟ್ರಿಯಾ ಸಾಮ್ರಾಜ್ಯದ ಆಳ್ವಿಕೆಯಲ್ಲಿದ್ದ ಟ್ರಿಯೆಸ್ಟ್ ಬಂದರಿನಲ್ಲಿ. ಗಾಜಿನ ವ್ಯಾಪಾರಿಯಾಗಿದ್ದ ಅಪ್ಪನ ವಹಿವಾಟು ಮುಳುಗಿದಾಗ, 1880ರಲ್ಲಿ ಅವನು ವಿಯೆನ್ನಾದ ಯೂನಿಯನ್ ಬ್ಯಾಂಕಿನ ಸ್ಥಳೀಯ ಶಾಖೆ ಸೇರಿದ. ಫ್ರೆಂಚ್ ಮತ್ತು ಜರ್ಮನ್ ಪತ್ರವ್ಯವಹಾರ ಅವನ ಪಾಲಿಗೆ ಬಂತು. ಕಚೇರಿ ಮುಗಿಸಿ ಊರಿನ ಗ್ರಂಥಾಲಯದಲ್ಲಿ ಬಾಲ್ಜಾಕ್, ಫ್ಲೋಬೇರ್, ಜೋಲಾರನ್ನು ಓದುತ್ತಾ ಹದಿನೆಂಟಕ್ಕೂ ಹೆಚ್ಚು ವರ್ಷ ಕಳೆದ. 1892ರಲ್ಲಿ ಅವನ ಮೊದಲ ಕಾದಂಬರಿ ‘ಉನಾ ವೀತಾ’ ಬಂತು. ಅದರ ನಾಯಕನೂ ಬ್ಯಾಂಕಿನ ಗುಮಾಸ್ತನೇ, ಸಂಜೆ ಗ್ರಂಥಾಲಯಕ್ಕೆ ಹೋಗುವವನೇ. ಆದರೆ ಓದು ತಾನಾಗಿಯೇ ಬಿಡುಗಡೆ ತರುತ್ತದೆಂಬ ನಂಬಿಕೆಯನ್ನು ಈ ಕಾದಂಬರಿ ಒಪ್ಪುವುದಿಲ್ಲ. ಅದರ ಹೆಚ್ಚುಗಾರಿಕೆ ಇರುವುದೇ ಅಲ್ಲಿ.

ನಾಯಕ ಅಲ್ಫೋನ್ಸೋ ನಿತ್ತಿ ಹಳ್ಳಿಯಲ್ಲಿ ತಾಯಿಯನ್ನು ಬಿಟ್ಟು ಬಂದು ಮಾಲ್ಲರ್ ಬ್ಯಾಂಕಿನಲ್ಲಿ ಪತ್ರ ಬರೆಯುತ್ತಾನೆ. ಇಡೀ ದಿನ ಬೇರೆಯವರ ಮಾತನ್ನು ನಕಲು ಮಾಡಿ ಬಳಲಿದ ತಲೆಯೊಂದಿಗೆ ಸಂಜೆ ತತ್ತ್ವಶಾಸ್ತ್ರದ ಪುಸ್ತಕ ತೆರೆಯುತ್ತಾನೆ. ನೀತಿಯ ಬಗ್ಗೆ ದೊಡ್ಡ ಗ್ರಂಥವೊಂದನ್ನು ಬರೆಯುವ ಯೋಜನೆ ಅವನದು. ಆ ಗ್ರಂಥ ಮುಗಿಯುವುದೇ ಇಲ್ಲ. ಇದಕ್ಕೆ ದಣಿವೊಂದೇ ಕಾರಣವಲ್ಲ ಎಂಬುದನ್ನು ಸ್ವೇವೋ ಬಹಳ ಸೂಕ್ಷ್ಮವಾಗಿ ತೋರಿಸುತ್ತಾನೆ. ಅಲ್ಫೋನ್ಸೋನ ಓದಿಗೆ ಕೇಳುಗರಿಲ್ಲ, ತಿದ್ದುವವರೂ ಇಲ್ಲ. ಹಾಗಾಗಿ ಓದಿದ್ದು ಹಗಲುಗನಸಿಗೆ ಮೇವಾಗುತ್ತದೆ, ಸಹೋದ್ಯೋಗಿಗಳಿಗಿಂತ ತಾನು ಮೇಲೆಂಬ ಗುಟ್ಟಿನ ಸಮಾಧಾನವಾಗುತ್ತದೆ. ಮಾಲೀಕನ ಮಗಳು ಅನೆತ್ತಾ ಜೊತೆಯಾಗಿ ಕಾದಂಬರಿ ಬರೆಯೋಣವೆಂದು ಕರೆದಾಗ ಓದಿನ ಮೊದಲ ಪರೀಕ್ಷೆ ಎದುರಾಗುತ್ತದೆ. ಅದು ಪ್ರಣಯಕ್ಕೆ ತಿರುಗಿ, ನಿರ್ಧರಿಸಬೇಕಾದ ಗಳಿಗೆಯಲ್ಲಿ ಅವನು ಊರಿಗೆ ಹೊರಟುಬಿಡುತ್ತಾನೆ. ಸಾಯುತ್ತಿದ್ದ ತಾಯಿಯನ್ನು ನೋಡಿಕೊಂಡು ಮರಳುವಷ್ಟರಲ್ಲಿ ಅನೆತ್ತಾಗೆ ಬೇರೆಡೆ ನಿಶ್ಚಿತಾರ್ಥವಾಗಿರುತ್ತದೆ, ಬ್ಯಾಂಕಿನಲ್ಲಿ ಅವನನ್ನು ಕೆಳದರ್ಜೆಯ ಲೆಕ್ಕದ ವಿಭಾಗಕ್ಕೆ ತಳ್ಳಲಾಗುತ್ತದೆ. ಕೊನೆಗೆ ಅವಳ ಅಣ್ಣನೊಡನೆ ದ್ವಂದ್ವಯುದ್ಧ ಗೊತ್ತಾಗಿ, ಅದಕ್ಕೆ ಮೊದಲೇ ಅಲ್ಫೋನ್ಸೋ ಆತ್ಮಹತ್ಯೆ ಮಾಡಿಕೊಳ್ಳುತ್ತಾನೆ. ಆತ್ಮಹತ್ಯೆಯ ಕಾರಣ ತಿಳಿದಿಲ್ಲವೆಂದು ಬ್ಯಾಂಕು ಬರೆದ ಪತ್ರವೇ ಕಾದಂಬರಿಯ ಮುಕ್ತಾಯ. ಅನೆತ್ತಾಳ ಸಾಹಿತ್ಯಗೋಷ್ಠಿಯ ಅಧ್ಯಾಯಗಳು ಎಳೆದಂತಿವೆ, ನಿಜ. ಆದರೆ ಕಚೇರಿಯ ಪುಟಗಳಲ್ಲಿ ಒಂದು ಸಾಲೂ ಸಡಿಲವಿಲ್ಲ.

ಇದು ದುರ್ಬಲ ಮನಸ್ಸಿನ ಒಬ್ಬ ಯುವಕನ ಕಥೆಯಷ್ಟೇ, ಸ್ವೇವೋ ಸ್ವತಃ ಗೆದ್ದನಲ್ಲ ಎಂದು ಕೇಳಬಹುದು. ಹೇಗೆ ಗೆದ್ದ ಎಂಬುದನ್ನು ನೋಡಬೇಕು. ‘ಉನಾ ವೀತಾ’ ಅವನ ಸ್ವಂತ ಖರ್ಚಿನಲ್ಲಿ ಅಚ್ಚಾಯಿತು. 1898ರ ‘ಸೆನಿಲಿತಾ’ ಕೂಡ ಹಾಗೆಯೇ. ಎರಡನ್ನೂ ಓದುಗರು ಗಮನಿಸಲಿಲ್ಲ. 1899ರಲ್ಲಿ ಅವನು ಬ್ಯಾಂಕು ಬಿಟ್ಟದ್ದು ಸಾಹಿತ್ಯಕ್ಕಾಗಿ ಅಲ್ಲ, ಹೆಂಡತಿ ಲಿವಿಯಾಳ ತವರಿನವರ ಹಡಗಿನ ಬಣ್ಣದ ಕಾರ್ಖಾನೆ ಸೇರಲು. ಅಷ್ಟು ವರ್ಷಗಳ ರಾತ್ರಿಯೋದು ಆ ಬಾಗಿಲನ್ನು ತೆರೆಯಲಿಲ್ಲ, ಮದುವೆ ತೆರೆಯಿತು. ಅಲ್ಲಿಂದಾಚೆ ಬಹುಕಾಲ ಅವನು ಯಾವ ಕಾದಂಬರಿಯನ್ನೂ ಪ್ರಕಟಿಸಲಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಬಲವಾದದ್ದು. 1923ರಲ್ಲಿ ‘ಝೇನೋನ ಪ್ರಜ್ಞೆ’ ಬಂದು ಕೆಲವೇ ವರ್ಷಗಳಲ್ಲಿ ಅವನಿಗೆ ಯುರೋಪಿನ ಮನ್ನಣೆ ಸಿಕ್ಕಿತಲ್ಲ, ತಡವಾದರೂ ಓದು ಫಲಿಸಿತಲ್ಲ? ಫಲಿಸಿತು, ಆದರೆ ಓದು ಒಂದರಿಂದಲೇ ಅಲ್ಲ. ಕಾರ್ಖಾನೆಯ ವ್ಯವಹಾರಕ್ಕೆ ಇಂಗ್ಲಿಷ್ ಬೇಕಾಗಿ ಅವನು ಗೊತ್ತುಮಾಡಿಕೊಂಡ ಮೇಷ್ಟ್ರು, ಟ್ರಿಯೆಸ್ಟಿನಲ್ಲಿ ಪಾಠ ಹೇಳುತ್ತಿದ್ದ ಜೇಮ್ಸ್ ಜಾಯ್ಸ್. ಮರೆತುಹೋಗಿದ್ದ ‘ಸೆನಿಲಿತಾ’ವನ್ನು ಮೆಚ್ಚಿದವನು ಅವನು, ಮುಂದೆ ಪ್ಯಾರಿಸ್ಸಿನ ವಿಮರ್ಶಕರಿಗೆ ‘ಝೇನೋ’ವನ್ನು ಓದಿರೆಂದು ಹೇಳಿದವನೂ ಅವನೇ. ಇಟಲಿಯಲ್ಲಿ 1925ರಲ್ಲಿ ಕವಿ ಮೊಂತಾಲೆ ಸ್ವೇವೋ ಬಗ್ಗೆ ಬರೆದ. ಅಲ್ಫೋನ್ಸೋಗೆ ಇಲ್ಲದಿದ್ದದ್ದು ಇದೇ: ಬರೆದದ್ದನ್ನು ಮುಂದಿಡಲು ಎದುರಿಗೊಬ್ಬ ಓದುಗ.

ಹಾಗಾದರೆ ಗ್ರಂಥಾಲಯದ ಸಂಜೆಗಳು ವ್ಯರ್ಥವೇ? ಅಲ್ಲ. ಅವು ನೌಕರಿಯನ್ನು ಬದಲಿಸಲಿಲ್ಲ, ಬರವಣಿಗೆಯನ್ನು ಬದಲಿಸಿದವು. ‘ಉನಾ ವೀತಾ’ದಲ್ಲಿ ನಿರೂಪಕ ಅಲ್ಫೋನ್ಸೋನನ್ನು ಹೊರಗಿನಿಂದ ನೋಡಿ ತೀರ್ಪು ಕೊಡುತ್ತಾನೆ; ಅಲ್ಲಿ ಫ್ರೆಂಚ್ ಗುರುಗಳ ನೆರಳು ದಟ್ಟವಾಗಿದೆ. ‘ಝೇನೋ’ದಲ್ಲಿ ಅದೇ ಬಗೆಯ ನಿರ್ಧಾರಹೀನ ಮನುಷ್ಯ ವಯಸ್ಸಾಗಿ, ಸಿಗರೇಟು ಬಿಡುತ್ತೇನೆಂದು ಮತ್ತೆ ಮತ್ತೆ ಶಪಥ ಮಾಡುತ್ತಾ, ಮನೋವೈದ್ಯನ ಸಲುವಾಗಿ ತನ್ನ ಕಥೆಯನ್ನು ತಾನೇ ಬರೆಯುತ್ತಾನೆ, ಸುಳ್ಳುಗಳನ್ನೂ ಸೇರಿಸಿ. ಅಲ್ಫೋನ್ಸೋ ಓದಿನಲ್ಲಿ ಬಚ್ಚಿಟ್ಟುಕೊಂಡಿದ್ದ ಆತ್ಮವಂಚನೆ ಇಲ್ಲಿ ಕಾದಂಬರಿಯ ನಿರೂಪಣಾ ಕ್ರಮವೇ ಆಗಿದೆ. ಸ್ವೇವೋ ದಿಕ್ಕು ಬದಲಿಸಿದ್ದು ಈ ತಿರುವಿನಲ್ಲಿ, ಬ್ಯಾಂಕು ಬಿಟ್ಟು ಇಪ್ಪತ್ತನಾಲ್ಕು ವರ್ಷಗಳಾದ ಮೇಲೆ.